ಸಬ್‌ಗ್ರೇಡಿಯಂಟ್ ವಿಧಾನ: ಬೆಲೆ ಏರಿದರೂ ಹೆಜ್ಜೆ ಇಡಬೇಕು

ಡೇಟಾದಲ್ಲಿ ದಾರಿ ತಪ್ಪಿದ ಅಂಕಿಗಳು ಜಾಸ್ತಿ ಇದ್ದವು. ಅದಕ್ಕೇ ವರ್ಗಗಳ ಮೊತ್ತ ಬಿಟ್ಟು, ವ್ಯತ್ಯಾಸಗಳ ನಿರಪೇಕ್ಷ ಮೌಲ್ಯಗಳ ಮೊತ್ತವನ್ನು ಕಡಿಮೆ ಮಾಡಲು ಹೊರಟೆ. ಗ್ರೇಡಿಯಂಟ್ ಡಿಸೆಂಟ್‌ಗೆ ಬರೆದಿದ್ದ ಹಳೆಯ ಕೋಡ್ ಇತ್ತು, ಅದರಲ್ಲಿ ಗ್ರೇಡಿಯಂಟ್ ಜಾಗಕ್ಕೆ, ಮೂಲೆ ಇರುವ ಕಡೆಯೂ ಅದರ ಕೆಲಸ ಮಾಡುವ ಸಬ್‌ಗ್ರೇಡಿಯಂಟ್ ಹಾಕಿದೆ, ಅಷ್ಟೇ. ಆ ಮೊತ್ತದ ಬೆಲೆ ಇಳಿಯುವ ತನಕ ಹೆಜ್ಜೆಯನ್ನು ಅರ್ಧ ಮಾಡುತ್ತಾ ಹೋಗುವ ಭಾಗವನ್ನು ಹಾಗೇ ಬಿಟ್ಟೆ. ಸ್ವಲ್ಪ ಹೊತ್ತು ಓಡಿ ನಿಂತೇಬಿಟ್ಟಿತು. ಹೆಜ್ಜೆ ಸೊನ್ನೆಯ ಹತ್ತಿರ ಬಂದಿತ್ತು, ಆದರೆ ಉತ್ತರ ಇನ್ನೂ ದೂರವಿತ್ತು.

ಕಾರಣ ತಿಳಿದದ್ದು ಚಿಕ್ಕ ಉದಾಹರಣೆಯನ್ನು ಕೈಯಲ್ಲಿ ಮಾಡಿದಾಗ. f(x, y) = |x| + 2|y| ತಗೊಳ್ಳಿ. ಕನಿಷ್ಠ ಇರುವುದು (0, 0)ಯಲ್ಲಿ. ನಾವು (1, 0)ಯಲ್ಲಿದ್ದೇವೆ, ಅಲ್ಲಿ f = 1. y = 0 ಆದ ಕಡೆ |y|ಗೆ ಮೂಲೆ ಇದೆ, ಹಾಗಾಗಿ ಅದರ ಸಬ್‌ಗ್ರೇಡಿಯಂಟ್ -1ರಿಂದ 1ರವರೆಗೆ ಯಾವುದಾದರೂ ಆಗಬಹುದು. ನನ್ನ ಕೋಡ್ ಸೊನ್ನೆಗೂ 1 ಕೊಡುತ್ತಿತ್ತು, ಅಂದರೆ ಒಟ್ಟು ದಿಕ್ಕು (1, 2). ಅದರ ಎದುರು ದಿಕ್ಕಿಗೆ 0.1 ಹೆಜ್ಜೆ ಇಟ್ಟರೆ (0.9, -0.2) ಸಿಗುತ್ತದೆ, ಅಲ್ಲಿ f = 1.3. ಏರಿತು! ಹೆಜ್ಜೆ ಎಷ್ಟು ಚಿಕ್ಕದು ಮಾಡಿದರೂ ಏರುತ್ತದೆ, ಅದಕ್ಕೇ ಅರ್ಧ ಮಾಡುವ ಲೂಪ್ ಸೋತಿದ್ದು.

ಆದರೆ (0, 0)ಗೆ ಇರುವ ದೂರ ನೋಡಿ. ಮೊದಲು 1 ಇತ್ತು, ಈಗ ಸುಮಾರು 0.92. ಈ ವಿಧಾನ ನಂಬಿಕೊಂಡಿರುವುದು ಇದನ್ನೇ: ಹೆಜ್ಜೆ ಸಾಕಷ್ಟು ಚಿಕ್ಕದಿದ್ದರೆ ಕನಿಷ್ಠಕ್ಕೆ ಇರುವ ದೂರ ಕಡಿಮೆಯಾಗುತ್ತದೆ, f ಮಾತ್ರ ಮಧ್ಯೆ ಏರಬಹುದು. ಮುಂದಿನ ಹೆಜ್ಜೆಯಲ್ಲೇ (0.8, 0), f = 0.8. ನಾನು ಲೂಪ್ ಕಿತ್ತುಹಾಕಿ, ಈವರೆಗೆ ಸಿಕ್ಕ ಅತ್ಯಂತ ಕಡಿಮೆ ಬೆಲೆಯನ್ನೂ ಅದು ಸಿಕ್ಕ ಬಿಂದುವನ್ನೂ ಬೇರೆಯಾಗಿ ಇಟ್ಟುಕೊಳ್ಳಲು ಶುರು ಮಾಡಿದೆ. ಇಲ್ಲಿ k ಅಂದರೆ ಎಷ್ಟನೇ ಹೆಜ್ಜೆ, g ಅಂದರೆ ಸಬ್‌ಗ್ರೇಡಿಯಂಟ್, c ನಾವೇ ಆರಿಸುವ ಸ್ಥಿರ ಸಂಖ್ಯೆ.

```
x = x - (c / k**0.5) * g
if f(x) < best:
    best, xbest = f(x), x.copy()
```

ಹೆಜ್ಜೆ 0.1ರಲ್ಲೇ ಇದ್ದರೆ ಏನಾಗುತ್ತದೆ? ಕೈಲೆಕ್ಕದಲ್ಲಿ ಹತ್ತನೇ ಹೆಜ್ಜೆಗೆ ಸರಿಯಾಗಿ (0, 0) ತಲುಪುತ್ತೇವೆ. ಹನ್ನೊಂದನೆಯದು (-0.1, -0.2)ಗೆ ಎಸೆದುಬಿಡುತ್ತದೆ, ಅಲ್ಲಿ f = 0.5. ಮತ್ತೆ ವಾಪಸ್, ಮತ್ತೆ ಹೊರಗೆ. ನುಣುಪಾದ ಫಂಕ್ಷನ್‌ನಲ್ಲಿ ಗ್ರೇಡಿಯಂಟ್ ತಾನೇ ಕುಗ್ಗುತ್ತದೆ, ಇಲ್ಲಿ ಕುಗ್ಗುವುದಿಲ್ಲ, ಹಾಗಾಗಿ ಹೆಜ್ಜೆಯನ್ನು ನಾವೇ ಕುಗ್ಗಿಸಬೇಕು. ಸಬ್‌ಗ್ರೇಡಿಯಂಟ್‌ನ ಉದ್ದ ನೋಡಿ ನಿಲ್ಲಿಸುವ ಷರತ್ತೂ ಇದೇ ಕಾರಣಕ್ಕೆ ಕೆಲಸಕ್ಕೆ ಬರಲ್ಲ.

ಅವಸರಪಟ್ಟು ಕುಗ್ಗಿಸಿದರೂ ತೊಂದರೆ. 0.1/k² ಹಾಕಿದರೆ ಎಲ್ಲ ಹೆಜ್ಜೆ ಕೂಡಿಸಿದರೂ ಸುಮಾರು 0.164 ಅಷ್ಟೇ, x 0.83ರ ಆಚೆ ಇಳಿಯುವುದೇ ಇಲ್ಲ. ಹೆಜ್ಜೆ ಸೊನ್ನೆಗೆ ಹೋಗಬೇಕು, ಮೊತ್ತ ಮಾತ್ರ ಮಿತಿಯಿಲ್ಲದೆ ಬೆಳೆಯಬೇಕು. 1/√k ಎರಡನ್ನೂ ಕೊಡುತ್ತದೆ. ಕನಿಷ್ಠ ಬೆಲೆ f* ಮೊದಲೇ ಗೊತ್ತಿದ್ದರೆ ಪೋಲ್ಯಾಕ್ ಹೆಜ್ಜೆ, ಅಂದರೆ (f - f*)/‖g‖², ಇನ್ನೂ ಚೆನ್ನ. ನನಗೆ ಗೊತ್ತಿರಲಿಲ್ಲ.

ನಿಧಾನ ಅನ್ನುವುದು ನಿಜ. ತಪ್ಪು ಹತ್ತು ಪಟ್ಟು ಕಡಿಮೆಯಾಗಲು ಸುಮಾರು ನೂರು ಪಟ್ಟು ಹೆಜ್ಜೆ ಬೇಕಾಗಬಹುದು. ನನಗೆ ಎರಡು ದಶಮಾಂಶ ಸಾಕಿತ್ತು. ಆರು ಬೇಕಿದ್ದರೆ ಇದೇ ಸಮಸ್ಯೆಯನ್ನು ಲೀನಿಯರ್ ಪ್ರೋಗ್ರಾಮ್ ಆಗಿ ಬರೆದು ಬಿಡಿಸುತ್ತಿದ್ದೆ.