ನಂಬರ್ ಇಲ್ಲದ ಮನೆಯ ವಿಳಾಸವನ್ನು ಫಾರಂನಲ್ಲಿ ತುಂಬುವುದು ಹೇಗೆ?

ಪೇಟೆಯ ಯಾವುದೇ ಸೈಬರ್ ಸೆಂಟರ್‌ನಲ್ಲಿ ಅರ್ಧ ಗಂಟೆ ಕೂತರೆ ಈ ಮಾತು ಕೇಳುತ್ತದೆ. ‘ಮನೆ ನಂಬರ್ ಹೇಳಿ.’ ‘ನಂಬರ್ ಇಲ್ಲ ಮಾರಾಯ್ರೆ, ಶಾಲೆ ದಾಟಿ ಮೇಲಿನ ಮನೆ ಅಂದ್ರೆ ಯಾರಾದ್ರೂ ತೋರಿಸ್ತಾರೆ.’ ಹುಡುಗ NA ಎಂದು ಟೈಪ್ ಮಾಡಿ ಮುಂದಕ್ಕೆ ಹೋಗುತ್ತಾನೆ. ಶಾಲೆ ದಾಟಿ ಮೇಲಿನ ಮನೆ ಎಂಬ ಉಪಯೋಗದ ಮಾತು ಫಾರಂನಲ್ಲಿ ಎಲ್ಲೂ ಇರುವುದಿಲ್ಲ. ಹಾಗಾಗಿ ಪಾರ್ಸೆಲ್ ಪೇಟೆಯಲ್ಲೇ ಉಳಿಯುತ್ತದೆ.

1. ಕೆಳಗಿನಿಂದ ಶುರು ಮಾಡಿ

ಮೊದಲು ಪಿನ್ ಕೋಡ್ ಮತ್ತು ಅಂಚೆ ಕಚೇರಿ ತುಂಬಿ, ಆಮೇಲೆ ಮೇಲಕ್ಕೆ ಬನ್ನಿ. ಪಿನ್ ಹಾಕಿದರೆ ಎಷ್ಟೋ ಫಾರಂಗಳು ರಾಜ್ಯ, ಜಿಲ್ಲೆಯನ್ನು ತಾವೇ ತುಂಬಿಕೊಳ್ಳುತ್ತವೆ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ: ತಾಲ್ಲೂಕು ಪೇಟೆಯ ಪಿನ್ ಹಾಕುವುದು. ತೀರ್ಥಹಳ್ಳಿ ಪೇಟೆಯದು 577432, ಅದೇ ತಾಲ್ಲೂಕಿನ ಆಗುಂಬೆಯದು 577411. ಪಿನ್‌ನ ಕೊನೆಯ ಮೂರು ಅಂಕಿ ಟಪಾಲು ಹಂಚುವ ಕಚೇರಿಯನ್ನು ಹೇಳುತ್ತವೆ, ತಾಲ್ಲೂಕನ್ನಲ್ಲ. ನಿಮ್ಮ ಊರಿನ ಬ್ರಾಂಚ್ ಪೋಸ್ಟ್ ಮಾಸ್ಟರ್ ಹತ್ತಿರ ಒಮ್ಮೆ ಕೇಳಿ ಬರೆದಿಟ್ಟುಕೊಳ್ಳಿ. ಊರಿನ ಹೆಸರು ಮತ್ತು ಅಂಚೆಯ ಹೆಸರು ಬೇರೆ ಬೇರೆ ಇದ್ದರೆ ಎರಡನ್ನೂ ಬರೆಯಲೇಬೇಕು.

ನಿಮ್ಮ ಪಿನ್‌ಗೆ ಡೆಲಿವರಿ ಇಲ್ಲ ಎಂದು ಆ್ಯಪ್ ಹೇಳಿದಾಗ ಕೆಲವರು ಪೇಟೆಯ ಪಿನ್ ಹಾಕಿ ಹಳ್ಳಿಯ ವಿಳಾಸವನ್ನೇ ಉಳಿಸಿಕೊಳ್ಳುತ್ತಾರೆ. ಈ ಅಡ್ಡದಾರಿ ಬೇಡ. ಪೇಟೆಯಲ್ಲಿ ಗುರುತಿನ ಅಂಗಡಿಯವರಿದ್ದರೆ ಅವರನ್ನು ಕೇಳಿ, ನಿಮ್ಮ ಹೆಸರಾದ ಮೇಲೆ C/o ಹಾಕಿ ಅಂಗಡಿಯ ಪೂರ್ತಿ ವಿಳಾಸ ಕೊಡಿ.

2. ಮನೆ ನಂಬರ್ ಎಂಬ ಡಬ್ಬಿ

ಜಾಸ್ತಿ ಜನ ಎಡವುವುದು ಇಲ್ಲೇ. ಕೆಂಪು ನಕ್ಷತ್ರ ಇರುತ್ತದೆ, ಖಾಲಿ ಬಿಡುವ ಹಾಗಿಲ್ಲ. ಸುಮ್ನೆ 0, NA, ಗೆರೆ, ಚುಕ್ಕಿ ಏನೋ ಒಂದು ಹಾಕುತ್ತಾರೆ. ಫಾರಂ ಮುಂದಕ್ಕೆ ಹೋಗುತ್ತದೆ, ನಿಜ. ಆದರೆ ವಿಳಾಸದ ಚೀಟಿಯಲ್ಲಿ ಎಲ್ಲಕ್ಕಿಂತ ಮೊದಲು ಅಚ್ಚಾಗುವ ಸಾಲನ್ನು ನೀವು ವ್ಯರ್ಥ ಮಾಡಿದ್ದೀರಿ.

ಇನ್ನು ಕೆಲವರು ಎದ್ದು ಹೋಗಿ ಮನೆಯ ಗೋಡೆ ನೋಡಿ ಬರುತ್ತಾರೆ. ಹಳ್ಳಿ ಮನೆಯ ಬಾಗಿಲ ಪಕ್ಕ ನಂಬರ್‌ಗಳಿಗೇನೂ ಬರವಿಲ್ಲ. ಪೋಲಿಯೋ ಹನಿ ಹಾಕಲು ಬಂದವರು ಸೀಮೆಸುಣ್ಣದಲ್ಲಿ ಬರೆದದ್ದು ಒಂದು, ಗಣತಿಯವರದ್ದು ಇನ್ನೊಂದು, ಕರೆಂಟ್ ಮೀಟರ್ ಮೇಲಿನ ಆರ್.ಆರ್. ನಂಬರ್ ಮತ್ತೊಂದು. ಇವು ಯಾವುವೂ ಮನೆ ನಂಬರ್ ಅಲ್ಲ. ಆರ್.ಆರ್. ನಂಬರ್ ಕರೆಂಟ್ ಸಂಪರ್ಕದ್ದು. ಗೋಡೆ ಮೇಲಿನವು ಆಯಾ ಕೆಲಸಕ್ಕೆ ಹಾಕಿಕೊಂಡ ಲೆಕ್ಕ, ಮುಂದಿನ ಸಲ ಬಂದವರು ಬೇರೆ ನಂಬರ್ ಬರೆಯಬಹುದು.

ಹಾಗಾದರೆ ಏನು ಹಾಕಬೇಕು? ಗ್ರಾಮ ಪಂಚಾಯಿತಿಗೆ ಮನೆ ಕಂದಾಯ ಕಟ್ಟುತ್ತಿದ್ದರೆ ಆ ರಸೀದಿ ತೆಗೆಯಿರಿ. ಅದರಲ್ಲಿ ಆಸ್ತಿ ನಂಬರ್ ಇರುತ್ತದೆ. ಇ-ಸ್ವತ್ತು ಆಗಿದ್ದರೆ ನಮೂನೆ 9ರಲ್ಲೋ 11ಬಿಯಲ್ಲೋ ಸಿಗುತ್ತದೆ. ಬ್ಯಾಂಕ್, ಪಾಸ್‌ಪೋರ್ಟ್ ಥರದ ದಾಖಲೆ ಕೆಲಸಕ್ಕೆ ಅದನ್ನೇ ಹಾಕಿ, ಏಕೆಂದರೆ ಕೇಳಿದರೆ ಕಾಗದ ತೋರಿಸಬಹುದು.

ತೋಟದ ಮನೆಗೆ ಆ ನಂಬರ್ ಇಲ್ಲದೆಯೂ ಇರಬಹುದು. ಆಗ ಸರ್ವೆ ನಂಬರ್ ಹಾಕಲು ಕೈ ಹೋಗುತ್ತದೆ. ಬೇಡ. ಸರ್ವೆ ನಂಬರ್ ಜಮೀನಿನದು. ಒಂದೇ ಸರ್ವೆ ನಂಬರ್‌ನಲ್ಲಿ ಅಣ್ಣತಮ್ಮಂದಿರ ನಾಲ್ಕು ಮನೆ ಇದ್ದರೆ ಪೋಸ್ಟ್‌ಮ್ಯಾನ್ ಯಾವುದಕ್ಕೆ ಹೋಗಬೇಕು?

ಅಂಥ ಕಡೆ ಮನೆಯ ಹೆಸರು ಹಾಕಿ. ಮಲೆನಾಡು, ಕರಾವಳಿಯಲ್ಲಿ ಮೇಲಿನಮನೆ, ಗದ್ದೆಮನೆ ಎಂದು ಹೇಗೂ ಹೆಸರಿರುತ್ತದೆ. ಗೇಟಿಗೆ ಬರೆಸಿದ ‘ಶ್ರೀ ನಿಲಯ’ಕ್ಕಿಂತ ಊರಿನವರ ಬಾಯಲ್ಲಿರುವ ಹೆಸರು ನೂರು ಪಾಲು ವಾಸಿ. ಬಯಲುಸೀಮೆಯಲ್ಲಿ ಮನೆಗೆ ಹೆಸರಿಲ್ಲದಿದ್ದರೆ ಯಜಮಾನರ ಹೆಸರಿನ ಜೊತೆ ‘ಅವರ ಮನೆ’ ಎಂದು ಬರೆಯಿರಿ. ತೀರಿಕೊಂಡ ಅಜ್ಜನ ಹೆಸರಲ್ಲೇ ಮನೆ ಗುರುತು ಇದ್ದರೆ ಪಾರ್ಸೆಲ್‌ಗೆ ಅಜ್ಜನ ಹೆಸರೇ ಇರಲಿ. ಡಬ್ಬಿ ಅಂಕಿಯನ್ನೇ ಕೇಳಿ ಹಟ ಹಿಡಿದರೆ ಮಾತ್ರ 0 ಹಾಕಿ, ಹೆಸರನ್ನು ಕೆಳಗಿನ ಸಾಲಿನ ಮೊದಲಿಗೆ ತನ್ನಿ. ಕೆಲವು ಫಾರಂಗಳು # ಮತ್ತು / ಒಪ್ಪುವುದಿಲ್ಲ. 3/12 ಇದ್ದರೆ 3-12 ಎಂದು ಬರೆದು ನೋಡಿ.

3. ರಸ್ತೆ, ಏರಿಯಾ

ರಸ್ತೆಗೆ ಹೆಸರಿಲ್ಲದಿದ್ದರೆ ಅದು ಎಲ್ಲಿಂದ ಎಲ್ಲಿಗೆ ಹೋಗುತ್ತದೋ ಅದೇ ಅದರ ಹೆಸರು. ಏರಿಯಾ ಕೇಳಿದ ಕಡೆ ಕೇರಿ ಅಥವಾ ಮಜರೆಯ ಹೆಸರು. ಹೋಬಳಿಗೆ ಎಷ್ಟೋ ಫಾರಂಗಳಲ್ಲಿ ಜಾಗವೇ ಇಲ್ಲ. ಆದರೆ ಹೊಸೂರು, ಹೊಸಹಳ್ಳಿ ಥರದ ಹೆಸರು ಒಂದೇ ತಾಲ್ಲೂಕಿನಲ್ಲಿ ಎರಡು ಮೂರು ಇದ್ದರೆ ಏರಿಯಾದಲ್ಲಿ ಹೋಬಳಿಯನ್ನೂ ಸೇರಿಸಿ.

4. ಲ್ಯಾಂಡ್‌ಮಾರ್ಕ್

ಒಂದೇ ಗುರುತು ಸಾಕು, ಆದರೆ ಅದು ದಿಕ್ಕು ಹೇಳಬೇಕು. ‘ಶಾಲೆ ಹತ್ತಿರ’ ಎಂದರೆ ಸುತ್ತಲಿನ ಎಲ್ಲ ಮನೆಯೂ ಆಯಿತು. ‘ಶಾಲೆಯ ಹಿಂದೆ ಎರಡನೇ ಮನೆ’ ಎಂದರೆ ಒಂದೇ ಮನೆ. ಶಾಲೆ, ಹಾಲಿನ ಡೇರಿ, ದೇವಸ್ಥಾನ, ನೀರಿನ ಟ್ಯಾಂಕ್ ಒಳ್ಳೆಯ ಗುರುತುಗಳು. ಬೇಕರಿ, ಬಾರು, ಫ್ಲೆಕ್ಸ್ ಬೋರ್ಡ್ ಬೇಡವೇ ಬೇಡ. ‘ಹಳೇ ಮಿಲ್’ ಕೆಡವಿ ವರ್ಷಗಳಾಗಿದ್ದರೆ ನಿಮ್ಮೂರಿನವರಿಗೆ ಗೊತ್ತಾಗುತ್ತದೆ, ಹೊಸ ಕೊರಿಯರ್ ಹುಡುಗನಿಗೆ ಗೊತ್ತಾಗಬೇಕಲ್ವಾ? ಉದ್ದ ಬರೆದರೆ ಚೀಟಿಯಲ್ಲಿ ಕೊನೆ ತುಂಡಾಗಬಹುದು. ಮುಖ್ಯ ಗುರುತನ್ನು ಮೊದಲೇ ಇಡಿ.

ಆಗುಂಬೆ ಕಡೆಯ ಒಂದು ಮನೆ ಎಂದುಕೊಳ್ಳೋಣ. ಮನೆ, ಊರು ಎರಡೂ ಕಲ್ಪನೆಯವು.

```
House No    : Melinamane
Street      : Main Road to Hosur Road
Area        : Agumbe Hobli
Landmark    : Behind Govt School, 2nd house
Village     : Hosur
Post Office : Agumbe
Taluk       : Thirthahalli
District    : Shivamogga
PIN         : 577411
```

ಇಂಗ್ಲಿಷ್ ಸ್ಪೆಲಿಂಗ್ ಆಧಾರ್‌ನಲ್ಲಿ ಇದ್ದಂತೆಯೇ ಇರಲಿ. ಒಂದು ಕಡೆ Thirthahalli, ಇನ್ನೊಂದು ಕಡೆ Tirthahalli ಆದರೆ ದಾಖಲೆ ಹೊಂದಿಸುವಾಗ ತಕರಾರು ಬರುತ್ತದೆ. ಮೊಬೈಲ್‌ನಲ್ಲಿ ಒಮ್ಮೆ ಟೈಪ್ ಮಾಡಿಟ್ಟುಕೊಂಡು ಪ್ರತಿ ಸಲ ಅದನ್ನೇ ನಕಲು ಮಾಡಿ.

5. ಲೊಕೇಶನ್ ಬಟನ್

ಆ್ಯಪ್‌ನ ‘Use current location’ ಒತ್ತಿದರೆ ವಿಳಾಸ ತಾನೇ ತುಂಬುತ್ತದೆ ಎಂದು ಖುಷಿಪಡಬೇಡಿ. ಹಳ್ಳಿಯಲ್ಲಿ ಅದು Unnamed Road ಎಂದು ತುಂಬಿ, ಜೊತೆಗೆ ಪಕ್ಕದ ಊರಿನ ಹೆಸರನ್ನೂ ಹಾಕುವುದುಂಟು. ಅದನ್ನು ಅಳಿಸಿ, ನಿಮ್ಮ ಸಾಲುಗಳನ್ನೇ ಹಾಕಿ. ನಕ್ಷೆಯ ಮೇಲಿನ ಗುರುತು ಮಾತ್ರ ಇರಲಿ. ಅದನ್ನೂ ಮನೆಯೊಳಗೆ ಕೂತು ಇಡಬೇಡಿ. ಹೆಂಚಿನ ಕೆಳಗೆ, ಮರಗಳ ನಡುವೆ ಜಿಪಿಎಸ್ ತುಂಬಾ ಅಲೆದಾಡುತ್ತದೆ. ಅಂಗಳಕ್ಕೆ ಬಂದು, ಒಂದು ನಿಮಿಷ ನಿಂತು, ಗುರುತು ಮನೆ ಮೇಲೆಯೇ ಇದೆಯಾ ನೋಡಿ ಒತ್ತಿ. ಹೊಳೆಯ ಆಚೆ ದಡಕ್ಕೆ ಬಿದ್ದ ಗುರುತಿಗೆ ಹೋಗಲು ಸೇತುವೆ ಹತ್ತು ಕಿಲೋಮೀಟರ್ ದೂರ ಇರಬಹುದು.

ಅಂಚೆ ಇಲಾಖೆ 2025ರಲ್ಲಿ ತಂದ ಡಿಜಿಪಿನ್ ಹತ್ತು ಅಕ್ಷರ ಅಂಕಿಗಳ ಕೋಡ್. ಸುಮಾರು 4 ಮೀಟರ್ ಉದ್ದಗಲದ ಚೌಕವನ್ನು ಅದು ಗುರುತಿಸುತ್ತದೆ. ತೆಗೆದಿಟ್ಟುಕೊಳ್ಳಿ, ಜಾಗ ಇದ್ದರೆ ಸೇರಿಸಿ. ಪಿನ್ ಕೋಡ್ ಡಬ್ಬಿಯಲ್ಲಿ ಮಾತ್ರ ಅದನ್ನು ಹಾಕಬೇಡಿ, ಅಲ್ಲಿಗೆ ಆರಂಕಿಯೇ ಬೇಕು.

6. ಫೋನ್ ಮತ್ತು ಬೋರ್ಡ್

ಮನೆಯಲ್ಲಿ ಸಿಗ್ನಲ್ ಸಿಗುವ ಫೋನಿನ ನಂಬರ್ ಕೊಡಿ, ಬೆಂಗಳೂರಿನಲ್ಲಿರುವ ಮಗನದ್ದಲ್ಲ. ಆಮೇಲೆ, ಫಾರಂನಲ್ಲಿ ಬರೆದ ಮನೆ ಹೆಸರು ದಾರಿ ತಿರುಗುವ ಜಾಗದಲ್ಲೂ ಕಾಣಬೇಕು. ಆನ್‌ಲೈನ್‌ನಲ್ಲಿ ಸಿಗುವ, ಅಕ್ಷರ ಅಂಟಿಸಿದ ಅಕ್ರಿಲಿಕ್ ಬೋರ್ಡ್ ತರಿಸಬೇಡಿ. ಮಲೆನಾಡಿನ ಒಂದು ಮಳೆಗಾಲಕ್ಕೆ ಅರ್ಧ ಅಕ್ಷರ ಉದುರಿರುತ್ತವೆ. ತಗಡಿನ ತುಂಡಿಗೆ ಬಿಳಿ ಬಣ್ಣ ಹೊಡೆದು, ಕಪ್ಪು ಪೇಂಟ್‌ನಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಹೆಸರು ಬರೆಸಿ. ಬೈಕ್‌ನಲ್ಲಿ ಬರುವವನಿಗೆ ಓದಲು ಅಂಗೈ ಎತ್ತರದ ಅಕ್ಷರ ಬೇಕು. ಬೋರ್ಡ್ ಪೇಟೆ ಕಡೆಗೆ ಮುಖ ಮಾಡಿರಲಿ.