ಸ್ಪಿನ್‌ಗೆ ಸಿಕ್ಕ ವಿಮಾನ: ಮೊದಲು ಕಾಲು, ಆಮೇಲೆ ಕೈ

ವಿಮಾನ ಮೂಗು ಕೆಳಗೆ ಮಾಡಿ ಗಿರಗಿರ ಸುತ್ತುತ್ತಾ ಬೀಳುತ್ತಿದೆ. ಇದೇ ಸ್ಪಿನ್. ಎದುರಿನ ಗಾಜಿನ ತುಂಬ ಹೊಲ, ರಸ್ತೆ, ಕೆರೆ ಎಲ್ಲವೂ ತಿರುಗುತ್ತಿವೆ. ಆಗ ಯಾರೇ ಆದರೂ ಕಂಟ್ರೋಲ್ ವೀಲನ್ನು ಎದೆಗೆ ಎಳೆದುಕೊಳ್ಳುತ್ತಾರೆ, ಮೂಗು ಮೇಲೇಳಲಿ ಅಂತ. ಅದೇ ತಪ್ಪು. ಯಾಕೆ ಅಂತ ಎರಡು ಸೀಟಿನ ಸೆಸ್ನಾ 152 ಇಟ್ಟುಕೊಂಡು ನೋಡೋಣ. ಬೇಕಂತಲೇ ಸ್ಪಿನ್ ಮಾಡಲು ಅನುಮತಿ ಇರುವ ತರಬೇತಿ ವಿಮಾನ ಅದು.

ಮೊದಲು ಸ್ಟಾಲ್. ಎಂಜಿನ್ ಆಫ್ ಆಗುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಎದುರು ಬರುವ ಗಾಳಿಗೆ ರೆಕ್ಕೆ ಸುಮಾರು 15-16 ಡಿಗ್ರಿಗಿಂತ ಜಾಸ್ತಿ ಓರೆಯಾದರೆ, ಅದರ ಬೆನ್ನಿಗೆ ಅಂಟಿ ಹರಿಯುತ್ತಿದ್ದ ಗಾಳಿ ಕಿತ್ತುಹೋಗುತ್ತದೆ, ಎತ್ತುವ ಬಲ ಕುಸಿಯುತ್ತದೆ. ಇಷ್ಟೇ ಆದರೆ ಸ್ಪಿನ್ ಅಲ್ಲ. ಸ್ಟಾಲ್ ಆಗುವ ಹೊತ್ತಿಗೆ ಮೂಗು ಪಕ್ಕಕ್ಕೆ ತಿರುಗುತ್ತಿದ್ದರೆ ಮಾತ್ರ ಸ್ಪಿನ್.

ಕಲಿಕೆಯಲ್ಲಿ ಅದನ್ನು ಹೀಗೆ ಮಾಡುತ್ತಾರೆ. ಪಕ್ಕದಲ್ಲಿ ಸ್ಪಿನ್ ಗೊತ್ತಿರುವ ಬೋಧಕರು ಇರುತ್ತಾರೆ, ಇಳಿಯುವಾಗ ರೆಕ್ಕೆಯ ಹಿಂಬದಿಯಲ್ಲಿ ಕೆಳಗೆ ಬಾಗಿಸುವ ಫ್ಲಾಪ್ ಪೂರ್ತಿ ಮೇಲಿರುತ್ತದೆ. ಒಂದು ಸುತ್ತು ಹಾಕಿ ಬಿಡಿಸಿಕೊಳ್ಳಲು ಕನಿಷ್ಠ 1,000 ಅಡಿ ಬೇಕು, ಎಲ್ಲ ಮುಗಿದಾಗಲೂ ನೆಲದಿಂದ 4,000 ಅಡಿ ಮೇಲಿರಬೇಕು ಅನ್ನುವುದು ಸೆಸ್ನಾ ಲೆಕ್ಕ. ಥ್ರಾಟಲ್ ಹಿಂದಕ್ಕೆಳೆದು ಎಂಜಿನ್ ಶಕ್ತಿ ತಗ್ಗಿಸಿ, ಮೂಗು ಎತ್ತಿ, ವೇಗ ಇಳಿಯಲು ಬಿಡುತ್ತಾರೆ. ಸ್ಟಾಲ್ ಹಾರ್ನ್ ಕೂಗುತ್ತದೆ. ರೆಕ್ಕೆ ಸೋಲುವ ಹೊತ್ತಿಗೆ ಮೂಗನ್ನು ಪಕ್ಕಕ್ಕೆ ತಿರುಗಿಸುವ ಬಾಲದ ಹಲಗೆ, ಅಂದರೆ ರಡ್ಡರ್‌ನ ಎಡ ಪೆಡಲ್ ಕಾಲಿನಿಂದ ಪೂರ್ತಿ ಒತ್ತಿ, ವೀಲ್ ಪೂರ್ತಿ ಎದೆಗೆ. ಎಡ ರೆಕ್ಕೆ ಧಡಕ್ಕನೆ ಕುಸಿಯುತ್ತದೆ.

ಈಗ ಅಸಲಿ ವಿಷಯ. ಎಡ ರೆಕ್ಕೆ ಕೆಳಗಿಳಿಯುತ್ತಿರುವುದರಿಂದ ಗಾಳಿ ಅದಕ್ಕೆ ಇನ್ನಷ್ಟು ಕೆಳಗಿನಿಂದ ಬಡಿಯುತ್ತದೆ, ಓರೆ ಹೆಚ್ಚುತ್ತದೆ, ಸ್ಟಾಲ್ ಇನ್ನೂ ಆಳವಾಗುತ್ತದೆ. ಮೇಲೇಳುತ್ತಿರುವ ಬಲಗಡೆ ರೆಕ್ಕೆಗೆ ಓರೆ ಕಡಿಮೆ, ಹಾಗಾಗಿ ಅದು ಇನ್ನೂ ಸ್ವಲ್ಪ ಎತ್ತುತ್ತಿರುತ್ತದೆ. ಎಡಗಡೆ ಎತ್ತುವ ಬಲ ಕಡಿಮೆ, ಗಾಳಿಯ ತಡೆ ಜಾಸ್ತಿ. ಅಂದರೆ ಎಡಕ್ಕೆ ಉರುಳಿಸುವುದೂ, ಎಡಕ್ಕೆ ತಿರುಗಿಸುವುದೂ ರೆಕ್ಕೆಗಳೇ! ಬುಗುರಿಗಾದರೂ ದಾರ ಸುತ್ತಿ ಎಸೆಯಬೇಕು, ಇದು ತನಗೆ ತಾನೇ ದಾರ ಸುತ್ತಿಕೊಳ್ಳುತ್ತದೆ.

ಬಿಡಿಸಿಕೊಳ್ಳುವ ಮುಂಚೆ ವೇಗದ ಮುಳ್ಳಿನ ಮೇಲೆ ಒಂದು ಕಣ್ಣು. ಸ್ಪಿನ್‌ನಲ್ಲಿ ವೇಗ ಕಡಿಮೆ ಇದ್ದಲ್ಲೇ ಇರುತ್ತದೆ. ಮುಳ್ಳು ಸರಸರ ಏರುತ್ತಿದ್ದರೆ ಅದು ಸ್ಪಿನ್ ಅಲ್ಲ, ಸ್ಪೈರಲ್ ಡೈವ್, ಅಂದರೆ ಸ್ಟಾಲ್ ಇಲ್ಲದೆ ಸುರುಳಿಯಾಗಿ ಕೆಳಗೆ ನುಗ್ಗುವುದು. ಅದರ ಮದ್ದೇ ಬೇರೆ.

ಸ್ಪಿನ್ನೇ ಆಗಿದ್ದರೆ ಮೊದಲು ಥ್ರಾಟಲ್ ಪೂರ್ತಿ ಹಿಂದಕ್ಕೆ. ಎಂಜಿನ್ ಶಕ್ತಿ ಮೂಗನ್ನು ಮೇಲೆತ್ತಿ ಸ್ಪಿನ್ ಚಪ್ಪಟೆಯಾಗಲು ಸಹಾಯ ಮಾಡಬಹುದು. ಜೊತೆಗೇ ವಿಮಾನವನ್ನು ಎಡಬಲಕ್ಕೆ ವಾಲಿಸುವ ರೆಕ್ಕೆ ತುದಿಯ ಹಲಗೆ, ಅಂದರೆ ಏಲೆರಾನ್ ನಡುವಿಗೆ. ಎಡ ರೆಕ್ಕೆ ಬಿದ್ದಿದೆ ಅಂತ ವೀಲ್ ಬಲಕ್ಕೆ ತಿರುಗಿಸಿದರೆ ಎಡ ಏಲೆರಾನ್ ಕೆಳಗಿಳಿಯುತ್ತದೆ, ಆಗಲೇ ಸೋತಿರುವ ರೆಕ್ಕೆಗೆ ಇನ್ನಷ್ಟು ತಡೆ ಸೇರುತ್ತದೆ.

ಆಮೇಲೆ ಬಲ ರಡ್ಡರ್, ಪೆಡಲ್ ಇನ್ನು ಹೋಗದು ಅನ್ನುವ ತನಕ. ರೆಕ್ಕೆ ಸೋತಿದ್ದರೂ ರಡ್ಡರ್‌ಗೆ ಇನ್ನೂ ಗಾಳಿ ಸಿಗುತ್ತಿರುತ್ತದೆ, ಸುತ್ತಿಗೆ ಬ್ರೇಕ್ ಹಾಕುವುದು ಅದೇ. ಸ್ಪಿನ್‌ಗೆ ಸಿಕ್ಕಿದ್ದ ಇಂಗ್ಲೆಂಡಿನ ಪೈಲಟ್ ವಿಲ್ಫ್ರೆಡ್ ಪಾರ್ಕ್ 1912ರ ಆಗಸ್ಟ್‌ನಲ್ಲಿ ನೆಲಕ್ಕೆ ಸ್ವಲ್ಪವೇ ದೂರ ಇರುವಾಗ ಈ ರಡ್ಡರ್‌ನಿಂದಲೇ ಬಚಾವಾದರು. ನಮ್ಮ ಬೆಂಗಳೂರಿನ ಎಚ್‌ಎಎಲ್ ಕೂಡ ತನ್ನ ಜೆಟ್ ತರಬೇತಿ ವಿಮಾನ ಎಚ್‌ಜೆಟಿ-36ರ ಸ್ಪಿನ್ ಸಮಸ್ಯೆಗೆ ಬಾಲದ ನೆಟ್ಟಗಿನ ರೆಕ್ಕೆಯನ್ನು ಹಿಂದಕ್ಕೆ ಸರಿಸಿ, ರಡ್ಡರ್ ದೊಡ್ಡದು ಮಾಡಬೇಕಾಯಿತು.

ರಡ್ಡರ್ ಕೊನೆ ಮುಟ್ಟಿದ ಕೂಡಲೇ ವೀಲ್ ಚುರುಕಾಗಿ ಮುಂದಕ್ಕೆ, ಸ್ಟಾಲ್ ಬಿಡುವಷ್ಟು. ಇದನ್ನು ಮೊದಲೇ ಮಾಡಿದರೆ ಏನಾಗುತ್ತದೆ? ತಿರುಗುವ ಕುರ್ಚಿಯಲ್ಲಿ ಕೂತು ಚಾಚಿದ ಕೈ ಒಳಗೆ ಎಳೆದುಕೊಂಡರೆ ಸುತ್ತು ಜೋರಾಗುತ್ತದೆ ಅಲ್ವಾ, ಇಲ್ಲೂ ಮೂಗು ಕೆಳಗಾದಂತೆ ಸುತ್ತು ಬಿರುಸಾಗಬಹುದು. ಜೊತೆಗೆ ಗಾಳಿ ಬರುತ್ತಿರುವುದು ಕೆಳಗಿನಿಂದ, ವೀಲ್ ಒತ್ತಿದಾಗ ಕೆಳಗೆ ಬಾಗುವ ಬಾಲದ ಹಲಗೆ, ಅಂದರೆ ಎಲಿವೇಟರ್, ರಡ್ಡರ್‌ಗೆ ಅಡ್ಡ ಬರಬಹುದು. ಅದಕ್ಕೇ ಮೊದಲು ಕಾಲು, ಆಮೇಲೆ ಕೈ. ಮುಂದೆ ಒತ್ತಿದಾಗ ನೆಲ ಇನ್ನೂ ಹತ್ತಿರ ಬಂದಂತೆ ಕಾಣುತ್ತದೆ, ಆದರೂ ಬಿಡಬಾರದು.

ಒಂದು ಸುತ್ತಿನ ಸ್ಪಿನ್ ಆದರೆ ಸಾಮಾನ್ಯವಾಗಿ ಅರ್ಧ ಸುತ್ತಿನೊಳಗೆ ತಿರುಗುವುದು ನಿಲ್ಲುತ್ತದೆ. ನಿಂತ ಕೂಡಲೇ ರಡ್ಡರ್ ನಡುವಿಗೆ ತನ್ನಿ, ಇಲ್ಲದಿದ್ದರೆ ಬಲಕ್ಕೆ ಹೊಸ ಸ್ಪಿನ್ ಶುರುವಾದೀತು. ಆಮೇಲೆ ಮೆಲ್ಲಗೆ ಎಳೆದು ಡೈವ್‌ನಿಂದ ಹೊರಗೆ. ಜೋರಾಗಿ ಎಳೆದರೆ ಮತ್ತೆ ಸ್ಟಾಲ್.

ಇದೆಲ್ಲ ಎತ್ತರ ಇದ್ದರೆ. ಇಳಿಯಲು ರನ್‌ವೇ ಕಡೆ ಎಡಕ್ಕೆ ತಿರುಗುವಾಗ ರನ್‌ವೇಯ ನೇರದ ಗೆರೆ ದಾಟಿಹೋಯಿತು ಅಂದುಕೊಳ್ಳಿ. ಮೂಗು ಬೇಗ ಬರಲಿ ಅಂತ ಪೈಲಟ್ ಎಡ ರಡ್ಡರ್ ಒತ್ತುತ್ತಾರೆ, ಜಾಸ್ತಿ ವಾಲುತ್ತಿದೆ ಅಂತ ಏಲೆರಾನ್ ಬಲಕ್ಕೆ, ಮೂಗು ಇಳಿಯುತ್ತಿದೆ ಅಂತ ವೀಲ್ ಹಿಂದಕ್ಕೆ. ನೋಡಿ, ಸ್ಪಿನ್‌ಗೆ ನೂಕುವ ಮೂರೂ ಸೇರಿದವು, ನೆಲಕ್ಕೆ ಇರುವುದು 500 ಅಡಿ. ಒಂದು ಸುತ್ತಿಗೇ 1,000 ಅಡಿ ಬೇಕು ಅಂದೆವಲ್ಲ. ಅಲ್ಲಿ ಇರುವ ದಾರಿ ಒಂದೇ: ಗೆರೆ ತಪ್ಪಿತು ಅನ್ನಿಸಿದಾಗಲೇ ಥ್ರಾಟಲ್ ಕೊಟ್ಟು ಮೇಲೇರಿ, ಮತ್ತೊಂದು ಸುತ್ತು ಹಾಕಿ ಬರುವುದು.