240 ದಿನದ ಕೆಲಸ 345 ದಿನ ಆಗಿದ್ದು ಹೇಗೆ

ಸರಕು ತಲುಪಿಸುವವರ ಫೋನಿಗೆ ಒಂದು ಆ್ಯಪ್, ಗೋದಾಮಿನಲ್ಲಿ ಕೂತವರಿಗೆ ಒಂದು ವೆಬ್ ಪುಟ. ನಾವು ಮಾಡಬೇಕಿದ್ದದ್ದು ಇಷ್ಟೇ. ಮೂವರು ಡೆವಲಪರ್‌ಗಳಿದ್ದರು, ಬಜೆಟ್ ನನ್ನ ತಲೆಯ ಮೇಲಿತ್ತು.

ಕೆಲಸವನ್ನು ಚಿಕ್ಕ ಚಿಕ್ಕ ತುಂಡು ಮಾಡಿ, ಒಂದೊಂದಕ್ಕೂ ಮೂರು ಅಂದಾಜು ಕೇಳಿದೆ: ಎಲ್ಲ ಸಲೀಸಾದರೆ ಎಷ್ಟು ದಿನ, ಸಾಮಾನ್ಯವಾಗಿ ಎಷ್ಟು, ಕೆಟ್ಟರೆ ಎಷ್ಟು. ನೆಟ್‌ವರ್ಕ್ ಇಲ್ಲದಾಗಲೂ ಆ್ಯಪ್ ಓಡಬೇಕೆನ್ನುವ ಭಾಗಕ್ಕೆ 8, 14, 38 ಎಂದರು. ನಡುವಿನದಕ್ಕೆ ನಾಲ್ಕು ಪಾಲು ತೂಕ ಕೊಟ್ಟು, ಮೂರನ್ನೂ ಕೂಡಿಸಿ ಆರರಿಂದ ಭಾಗಿಸಿದರೆ 17 ದಿನ. ಹೀಗೆ ಎಲ್ಲ ಕೂಡಿಸಿದಾಗ 240 ದಿನ ಬಂತು. ಮೂವರು ವಾರಕ್ಕೆ ಐದು ದಿನದಂತೆ 15 ದಿನ ದುಡಿಯುತ್ತಾರೆ, 16 ವಾರ ಸಾಕು ಎಂದು ಬರೆದುಕೊಟ್ಟೆ.

ಅಂದಾಜು ತಕ್ಕ ಮಟ್ಟಿಗೆ ಸರಿಯಾಗಿಯೇ ಇತ್ತು. ತಪ್ಪಿದ್ದು ಆ 15 ರಲ್ಲಿ. ಐದು ವಾರ ಕಳೆದಾಗ 75 ದಿನದ ಕೆಲಸ ಆಗಿರಬೇಕಿತ್ತು, ಮುಗಿದದ್ದು 52 ದಿನದ್ದು. ಯಾರೂ ಸುಮ್ಮನೆ ಕೂತಿರಲಿಲ್ಲ. ಮೀಟಿಂಗ್, ಒಬ್ಬರ ಕೋಡನ್ನು ಇನ್ನೊಬ್ಬರು ನೋಡುವುದು, ಹೊಸಬನಿಗೆ ಹೇಳಿಕೊಡುವುದು, ರಜೆ, ಇವೆಲ್ಲ ಕಳೆದರೆ ಒಬ್ಬರ ಕೈಯಲ್ಲಿ ವಾರಕ್ಕೆ ಉಳಿಯುತ್ತಿದ್ದದ್ದು ಮೂರೂವರೆ ದಿನ. ಮೂವರಿಗೆ ಸೇರಿ ಹತ್ತೂವರೆ. 240 ನ್ನು ಅದರಿಂದ ಭಾಗಿಸಿದರೆ 23 ವಾರ. ಸಂಬಳ ಮಾತ್ರ ವಾರಕ್ಕೆ 15 ದಿನಕ್ಕೇ ಹೋಗುತ್ತದೆ, ಹಾಗಾಗಿ 345 ದಿನದ ಖರ್ಚು. ಈಗ ಬಜೆಟ್ ಬರೆಯುವಾಗ ಅಂದಾಜಿನ ದಿನ ಒಂದು ಸಾಲಿನಲ್ಲಿ, ಸಂಬಳದ ದಿನ ಇನ್ನೊಂದು ಸಾಲಿನಲ್ಲಿ ಇಡುತ್ತೇನೆ. ಮೊದಲ ಎರಡು ವಾರ ಮುಗಿದ ಕೂಡಲೇ ತಂಡದ ನಿಜವಾದ ವೇಗ ಹಾಕಿ ಎರಡನ್ನೂ ತಿದ್ದುತ್ತೇನೆ.

ಕ್ಲೌಡ್ ಖರ್ಚಿಗೆ ಸರ್ವರ್ ಮತ್ತು ಡೇಟಾಬೇಸ್ ಎರಡನ್ನೇ ಲೆಕ್ಕ ಹಾಕಿದ್ದೆ. ಕೈ ಸುಟ್ಟದ್ದು ಲಾಗ್‌ನಿಂದ, ಅಂದರೆ ಸರ್ವರ್ ತಾನು ಮಾಡಿದ್ದನ್ನು ಬರೆದಿಡುವ ದಾಖಲೆಯಿಂದ. 2,000 ಫೋನುಗಳು ದಿನಕ್ಕೆ ಎಂಟು ಗಂಟೆ, ನಿಮಿಷಕ್ಕೊಮ್ಮೆ ತಾವಿರುವ ಜಾಗ ಕಳಿಸುತ್ತಿದ್ದವು. ಅಂದರೆ ದಿನಕ್ಕೆ 9,60,000 ಕೋರಿಕೆ. ಪರೀಕ್ಷೆಯ ದಿನಗಳಲ್ಲಿ ಹಾಕಿದ್ದ, ಸಣ್ಣಪುಟ್ಟದ್ದನ್ನೂ ಲಾಗ್‌ಗೆ ಬರೆಯುವ `DEBUG` ಮಟ್ಟವನ್ನು ಬದಲಿಸಲು ಮರೆತಿದ್ದೆವು. ಒಂದೊಂದು ಕೋರಿಕೆಗೂ ಸುಮಾರು 10 ಕೆಬಿ ಬರೆದು ದಿನಕ್ಕೆ 9.6 ಜಿಬಿ, ತಿಂಗಳಿಗೆ 290 ಜಿಬಿ ಹತ್ತಿರ ಬಂತು. ಮೊದಲ ಬಿಲ್ಲಿನಲ್ಲಿ ಲಾಗ್‌ನ ಸಾಲು ಸರ್ವರಿನ ಸಾಲನ್ನು ಮೀರಿತ್ತು. ಹಳೆಯದನ್ನು ಅಳಿಸಿದರೆ ಸರಿಹೋಗುತ್ತದೆ ಎಂದುಕೊಂಡೆವು, ಹೋಗಲಿಲ್ಲ. ನಮ್ಮ ಲಾಗ್ ಸೇವೆಯ ದರದ ಬಹುಪಾಲು ಒಳಗೆ ಬರುವ ಜಿಬಿಗೆ ಇತ್ತು, ಇಟ್ಟುಕೊಳ್ಳುವ ಜಿಬಿಗಲ್ಲ. ಬರೆಯುವುದನ್ನೇ ಕಡಿಮೆ ಮಾಡಿದ ಮೇಲೆ ಬಿಲ್ಲು ಇಳಿಯಿತು. ಪರೀಕ್ಷೆಯ ಸರ್ವರುಗಳೂ ರಾತ್ರಿ, ಶನಿವಾರ, ಭಾನುವಾರ ಓಡುತ್ತಲೇ ಇದ್ದವು. ವಾರದ 168 ಗಂಟೆಯಲ್ಲಿ ನಮಗೆ ಬೇಕಿದ್ದದ್ದು 50, ಉಳಿದ ಹೊತ್ತು ತಾವಾಗಿ ನಿಲ್ಲುವಂತೆ ಮಾಡಿದೆವು.

ಲೈಸೆನ್ಸ್ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ತಲೆಗಿಷ್ಟು ಎಂದು ಕೊಳ್ಳುವ ಕಡೆ ಟೆಸ್ಟರ್‌ನನ್ನು ಎಣಿಸಲು ಮರೆತಿದ್ದೆ. ನಕ್ಷೆ ಸೇವೆಯಂತೆ ಬಳಸಿದಷ್ಟಕ್ಕೆ ದುಡ್ಡು ಕೇಳುವುದನ್ನು ಲೈಸೆನ್ಸ್ ಸಾಲಿನಿಂದ ತೆಗೆದು ಕ್ಲೌಡ್ ಸಾಲಿಗೆ ಹಾಕಬೇಕು, ಬಳಕೆದಾರರು ಹೆಚ್ಚಿದಂತೆ ಅದೂ ಬೆಳೆಯುತ್ತದೆ.

ಬಿಡುಗಡೆಯ ನಂತರದ ನಿರ್ವಹಣೆಗೆ ಮೊದಲ ಬಜೆಟ್ಟಿನಲ್ಲಿ ಒಂದು ಸಾಲೂ ಇರಲಿಲ್ಲ. ದುಡ್ಡು ಕೇಳಲು ಹೋದಾಗ ಯಜಮಾನರು, “ಕೆಲಸ ಮುಗೀತು ಅಂದ್ರಲ್ಲ, ಇನ್ನೇನು ಖರ್ಚು?” ಎಂದರು. ಕೇಳಿದ್ದು ನ್ಯಾಯವೇ. ನಿರ್ಮಾಣದ ವೆಚ್ಚದಲ್ಲಿ ವರ್ಷಕ್ಕೆ ಶೇ. 15 ರಿಂದ 20 ಎತ್ತಿಡಿ ಎಂಬ ಮಾತು ನಮ್ಮ ವೃತ್ತಿಯಲ್ಲಿ ಓಡಾಡುತ್ತದೆ. ಆದರೆ ಶೇಕಡಾವಾರು ಹೇಳಿದರೆ ಎದುರಿಗಿದ್ದವರು ಅದನ್ನು ಚೌಕಾಸಿ ಮಾಡುತ್ತಾರೆ. ಅದಕ್ಕೆ ಕೆಲಸದ ಹೆಸರು ಬರೆದುಕೊಟ್ಟೆ. ಗೂಗಲ್ ಪ್ಲೇ ಪ್ರತಿವರ್ಷ ಆ್ಯಪ್‌ಗಳು ಹೊಸ ಆಂಡ್ರಾಯ್ಡ್‌ನತ್ತ ಸರಿಯಬೇಕೆಂದು ಗಡುವು ಹಾಕುತ್ತದೆ: 6 ದಿನ. ಭದ್ರತೆಗಾಗಿ ಲೈಬ್ರರಿ ಬದಲಾವಣೆ, ತಿಂಗಳಿಗೆ 2 ದಿನ: ವರ್ಷಕ್ಕೆ 24. ಬ್ಯಾಕಪ್ ನಿಜವಾಗಿ ತೆರೆಯುತ್ತದೆಯೇ ಎಂದು ಮೂರು ತಿಂಗಳಿಗೊಮ್ಮೆ ನೋಡುವುದು: 4. ಬಳಕೆದಾರರು ಹೇಳುವ ದೋಷಗಳಿಗೆ ಮೊದಲ ಮೂರು ತಿಂಗಳು ವಾರಕ್ಕೆ 2 ದಿನದಂತೆ 26, ಆಮೇಲಿನ ಒಂಬತ್ತು ತಿಂಗಳಿಗೆ 18. ಒಟ್ಟು 78 ದಿನ.

ನಮ್ಮ ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್‌ನ ಒಂದೊಂದು ದೊಡ್ಡ ಆವೃತ್ತಿಗೂ ಐದು ವರ್ಷ ಮಾತ್ರ ಬೆಂಬಲ ಇರುವುದರಿಂದ, ಅದನ್ನು ಬದಲಿಸುವ ವರ್ಷಕ್ಕೆ ಬೇರೆಯೇ 10 ದಿನ ಬರೆದಿಟ್ಟೆ. ಯಜಮಾನರು ಪಟ್ಟಿ ಓದಿ, ಬ್ಯಾಕಪ್ಪಿನ 4 ದಿನದ ಕೆಳಗೆ ಪೆನ್ನಿನಲ್ಲಿ ಗೀಟೆಳೆದು, “ಇದನ್ನ ಇಲ್ಲಿತನಕ ಯಾರೂ ನೋಡೇ ಇಲ್ವಾ?” ಎಂದು ಕೇಳಿದರು. ನೋಡಿರಲಿಲ್ಲ. ಆ ವಾರವೇ ನೋಡಿದೆವು.